ಹೋಲ್ಡಾನಕ್ಕ ಮತ್ತು ಬೂದು ಚುಕ್ಕೆ

ಹೋಲ್ಡಾನಕ್ಕನನ್ನು ನಾನು ಮೊದಲು ಕಂಡದ್ದು ಬಸ್ ಮುಷ್ಕರದಲ್ಲಿ. ಡಿಪೋ ಗೇಟಿನ ಮುಂದೆ ನಾವೆಲ್ಲ ಗಂಟಲು ಹರಿದುಕೊಂಡು ಘೋಷಣೆ ಕೂಗುತ್ತಿದ್ದರೆ, ಈ ಹೆಂಗಸು ಬದಿಗೆ ನಿಂತು ಯಾರಿಗೆ ಊಟ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಎಂದು ಕೇಳಿಕೊಂಡು ಬರುತ್ತಿದ್ದಳು. ಘೋಷಣೆ ಕೂಗುವವರು ಬೇಕಾದಷ್ಟು ಸಿಗುತ್ತಾರೆ. ಊಟದ ಲೆಕ್ಕ ನೋಡುವವರು ಸಿಗುವುದಿಲ್ಲ. ಆ ಮುಷ್ಕರ ಅಷ್ಟು ದಿನ ನಿಂತದ್ದು ನಮ್ಮ ಭಾಷಣದಿಂದಲ್ಲ, ಇವಳಿಂದ.

ಬಸ್ ಕಂಡಕ್ಟರು. ಕುಳ್ಳಗೆ, ಗಟ್ಟಿ ಮೈ, ಕರಡಿಯಂಥ ಧ್ವನಿ. ಹೆಸರು ಏನೋ ಇತ್ತು, ಕರೆಯುವವರು ಇರಲಿಲ್ಲ. ಹತ್ತುವವರ ಕಾಲು ಇನ್ನೂ ಮೆಟ್ಟಿಲ ಮೇಲಿದ್ದರೆ ಡ್ರೈವರನ ಕಿವಿ ಹರಿಯುವಂತೆ "ಹೋಲ್ಡಾನ್" ಎಂದು ಕಿರುಚುತ್ತಿದ್ದಳು. ಬಸ್ಸಿನ ಹೊರಗೂ ಅದೇ ಚಾಳಿ. ಯಾರಾದರೂ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದರೆ ಅಡ್ಡ ನಿಲ್ಲುವಳು. ಹಾಗಾಗಿ ಹೋಲ್ಡಾನಕ್ಕ. ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ಬಂದವರೆಲ್ಲ ಚಿಲ್ಲರೆ ಇಲ್ಲದವರೇ, ಇಳಿಸ್ಬಿಟ್ಟೆ" ಅನ್ನುತ್ತಿದ್ದಳು.

ಹೊಳೆ ಊರೊಳಗೆ ನುಗ್ಗಿದ ವರ್ಷ ಬಸ್ಸುಗಳು ಡಿಪೋದಲ್ಲೇ ಕಿಟಕಿಯವರೆಗೆ ಮುಳುಗಿದವು. ದಿಬ್ಬದ ಮೇಲಿನ ಶಾಲೆಯೊಂದೇ ನೀರು ಮುಟ್ಟದೆ ಉಳಿದಿತ್ತು. ಕೆಳಗಿನ ಕೋಣೆಗಳಲ್ಲಿ ಮನೆ ಕಳೆದುಕೊಂಡವರು. ಮಹಡಿಯಲ್ಲಿ, ವಿಜ್ಞಾನದ ಪ್ರಯೋಗಶಾಲೆಯಲ್ಲಿ, ಸಿಕ್ಕಿಕೊಂಡವರನ್ನು ಕರೆತರುವ ಕೆಲಸಕ್ಕಿಳಿದ ನಾವು, ಮುಷ್ಕರದ ಹಳೆಯ ಮಂದಿ. ಗಾಜಿನ ಬೀರುವಿನಲ್ಲಿ ಕಪ್ಪೆಯೊಂದು ಬಾಟಲಿಯೊಳಗೆ ಕಣ್ಣು ಬಿಟ್ಟುಕೊಂಡು ಕೂತಿತ್ತು. ಅದರ ಪಕ್ಕದ ಬೆಂಚಿನ ಮೇಲೆ ಜಮೀನು ಅಳೆಯುವ ಸರ್ವೆಯವನ ಲ್ಯಾಪ್‌ಟಾಪು, ಬ್ಯಾಟರಿಗೆ ಸಿಕ್ಕಿಸಿದ ಹಲವು ಫೋನು. ಅದೇ ನಮ್ಮ ಕಚೇರಿ.

ಸರ್ವೆಯವನು ಒಂದು ನಕ್ಷೆ ಮಾಡಿದ್ದ. ಫೋನಿನಲ್ಲಿ ಕೊಂಡಿ ಒತ್ತಿದರೆ ಎಲ್ಲರಿಗೂ ಅದೇ ನಕ್ಷೆ ತೆರೆಯುತ್ತಿತ್ತು. ಸಹಾಯ ಬೇಕಾದಲ್ಲಿ ಕೆಂಪು ಚುಕ್ಕೆ. ಯಾರಾದರೂ ಹೊರಟರೆ ಹಳದಿ, ಕೆಲಸ ಮುಗಿದರೆ ಹಸಿರು. ಆಶ್ರಯ ಕೊಟ್ಟ ಕಟ್ಟಡಗಳಿಗೆ ಮನೆಯ ಚಿತ್ರ, ಒಳಗೆ ಇನ್ನೆಷ್ಟು ಜನಕ್ಕೆ ಜಾಗವಿದೆ ಎಂಬ ಅಂಕಿ. ಮುಚ್ಚಿದ ರಸ್ತೆಗೆ ಕಪ್ಪು ಗೆರೆ. ಗುರುತು ಹಾಕಲು ಯಾರಿಗೂ ಅಡ್ಡಿಯಿಲ್ಲ. ಬಣ್ಣ ಬದಲಿಸುವ ಅಧಿಕಾರ ಮಾತ್ರ ಸರ್ವೆಯವನಿಗೂ ಹೋಲ್ಡಾನಕ್ಕನಿಗೂ.

ಅವಳಿಗೆ ಆ ಅಧಿಕಾರ ಯಾರೂ ಕೊಡಲಿಲ್ಲ. ತಾನೇ ತೆಗೆದುಕೊಂಡಳು. ಮೊದಲ ದಿನ ಪ್ರಯೋಗಶಾಲೆ ಮೀನಿನ ಮಾರ್ಕೆಟ್ಟಿನಂತಿತ್ತು. ಯಾರೋ ಫೋನಿನಲ್ಲಿ "ನೀರಿನ ಟ್ಯಾಂಕ್ ಹತ್ರ ಜನ ಸಿಕ್ಕಾಕ್ಕೊಂಡಿದಾರೆ" ಎಂದರು. ನಮ್ಮಲ್ಲಿದ್ದ ಒಂದೇ ಇಂಜಿನ್ ದೋಣಿ ಹೊರಟಿತು. ಊರಿನಲ್ಲಿ ನೀರಿನ ಟ್ಯಾಂಕುಗಳು ಬೇಕಾದಷ್ಟಿದ್ದವು. ದೋಣಿಯಣ್ಣ, ಹೊಳೆಯಲ್ಲಿ ಮೀನು ಹಿಡಿಯುವವನು, ತಪ್ಪು ಟ್ಯಾಂಕುಗಳನ್ನು ಸುತ್ತಿ, ಪೆಟ್ರೋಲ್ ಸುಟ್ಟು, ಖಾಲಿ ಬಂದ. ಅವನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಹೋಲ್ಡಾನಕ್ಕ ಆಗ ಬೆಂಚಿನ ಮೇಲೆ ಕೈ ಅಪ್ಪಳಿಸಿದಳು.

"ಇವತ್ತಿಂದ ಬಾಯ್ಮಾತು ಬಂದ್. ಆ ಮರದ ಹತ್ರ, ಈ ಅಂಗಡಿ ಪಕ್ಕ, ಅತ್ತೆ ಮನೆ ಹಿಂದೆ, ಏನೂ ಬೇಡ. ಫೋನಿಂದ ಲೊಕೇಶನ್ ಕಳಿಸ್ಲಿ. ಬಂತಾ, ಚುಕ್ಕೆ ಹಾಕು. ಬರ್ಲಿಲ್ವಾ, ತಿರುಗಿ ಫೋನ್ ಮಾಡು. ದೋಣಿ ಚುಕ್ಕೆಗೆ ಹೋಗತ್ತೆ, ಕತೆಗಲ್ಲ."

ಆ ಒಂದು ನಿಯಮ ಎಷ್ಟು ಜೀವ ಉಳಿಸಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅನ್ಯಾಯವಾಗುತ್ತದೆ. ದೋಣಿ ಸೀದಾ ಹೋಗಿ ಸೀದಾ ಬರತೊಡಗಿತು. ಒಂದೇ ಮನೆಗಾಗಿ ಹತ್ತು ನೆಂಟರು ಹತ್ತು ಕಡೆಯಿಂದ ಕೂಗಿಕೊಂಡರೆ ಅವಳು ಸಿಕ್ಕಿಕೊಂಡವರ ಫೋನ್ ನಂಬರು ನೋಡಿ ಒಂದೇ ಚುಕ್ಕೆ ಮಾಡುತ್ತಿದ್ದಳು. ರಸ್ತೆಯ ಗೆರೆಗೂ ಅವಳದೇ ಕಾನೂನು: ತೆರೆದಿದೆ ಎಂದು ಹೇಳುವವನು ಯಾವ ಗಾಡಿಯಲ್ಲಿ ದಾಟಿದ ಎಂದೂ ಹೇಳಬೇಕು. "ಟ್ರ್ಯಾಕ್ಟರ್ ದಾಟಿದ್ದು ಆಟೋಗೆ ದಾರಿಯಲ್ಲಪ್ಪ, ಸಮಾಧಿ," ಎನ್ನುತ್ತಿದ್ದಳು. ಯಾರೂ ಮತ್ತೆ ಖಾತ್ರಿ ಮಾಡದ ರಸ್ತೆಯನ್ನು ಹೊತ್ತು ಕಳೆದ ಮೇಲೆ ತಾನೇ ಮುಚ್ಚಿಬಿಡುತ್ತಿದ್ದಳು. ಉಪದೇಶ ಕೊಡಲು ಬಂದ ಮುಖಂಡನೊಬ್ಬನಿಗೆ ಫೋನ್ ಕೈಗಿಟ್ಟು, "ಕೂತ್ಕೊಂಡು ಆಶ್ರಯದ ಜಾಗ ಎಣಿಸಿ ಸ್ವಾಮಿ, ಇಲ್ಲಾ ಇಳೀರಿ" ಎಂದಳು. ಅವನು ಇಳಿದ.

ಇನ್ನೊಂದು ನಿಯಮವೂ ಅವಳದೇ. ಒಂದು ಚುಕ್ಕೆಗೆ ದೋಣಿ ಎರಡು ಸಲ ಹೋಗಿ ಯಾರೂ ಕಾಣದಿದ್ದರೆ ಅದನ್ನು ಬೂದು ಮಾಡುವುದು. ಬೂದು ಎಂದರೆ ಸಿಗಲಿಲ್ಲ, ಇನ್ನು ದೋಣಿ ಕಳಿಸುವುದಿಲ್ಲ. ಪೆಟ್ರೋಲ್ ಕಡಿಮೆ, ಕೆಂಪು ಚುಕ್ಕೆ ಜಾಸ್ತಿ. ಸಭೆಯಲ್ಲಿ ನಾವೆಲ್ಲ ತಲೆಯಾಡಿಸಿದ್ದೆವು.

ಕಾವಲುಗಾರನ ಹೆಂಡತಿ ಬಂದದ್ದು, ನಡುವೆ ಟವರು ಹೋಗಿ ಸತ್ತಿದ್ದ ಫೋನುಗಳಿಗೆ ಮತ್ತೆ ಜೀವ ಬಂದ ಬೆಳಿಗ್ಗೆ. ಅದೇ ಶಾಲೆಯ ಕೆಳಗಿನ ಕೋಣೆಯಲ್ಲಿ ಮಗಳೊಂದಿಗೆ ಇದ್ದವಳು. ಗಂಡ ಮರದ ಮಿಲ್ಲಿನ ಕಾವಲುಗಾರ. ನೀರು ಏರುವಾಗ ಮಾಲೀಕ ಫೋನ್ ಮಾಡಿ ದಿಮ್ಮಿಗಳಿಗೆ ಹಗ್ಗ ಕಟ್ಟು, ಬಿಟ್ಟು ಬರಬೇಡ ಎಂದಿದ್ದನಂತೆ. ಕಟ್ಟಿದ. ದಿಮ್ಮಿಗಳೂ ಹೋದವು, ಮಿಲ್ಲೂ ಹೋಯಿತು, ಇವನು ಈಜಿಕೊಂಡು ಎಲ್ಲೋ ಹತ್ತಿ ಕೂತ. ಅಂದಿನಿಂದ ಸುದ್ದಿಯಿಲ್ಲ. ಆ ಬೆಳಿಗ್ಗೆ ಅರೆ ನಿಮಿಷ ಮಾತಾಡಿ, ಲೊಕೇಶನ್ ಕಳಿಸಿದ್ದ. ಆಮೇಲೆ ಅವನ ಫೋನು ಸತ್ತಿತು.

"ಅಕ್ಕಾ, ಅವ್ರಿಗೆ ಸಕ್ಕರೆ ಕಾಯಿಲೆ," ಎಂದಳು ಹೆಂಡತಿ. "ದಿನಾ ಸೂಜಿ ಬೇಕು. ನೀರು ಬಂದಾಗಿಂದ ತಗೊಂಡಿಲ್ಲ. ವಾಂತಿ ಬರ್ತಿದೆ ಅಂದ್ರು."

ಹೋಲ್ಡಾನಕ್ಕ ಅವಳ ಫೋನ್ ಇಸಿದುಕೊಂಡು ಲೊಕೇಶನ್ ತೆರೆದಳು. ಕೆಂಪು ಚುಕ್ಕೆ ಹಾಕಿದಳು. ಪಕ್ಕದಲ್ಲಿ ಬರೆದಳು: ಒಬ್ಬ, ಇನ್ಸುಲಿನ್, ತುರ್ತು. ಚುಕ್ಕೆ ಗೋದಾಮುಗಳ ಸಾಲಿನ ನಡುವೆ ನಿಖರವಾಗಿ ಕೂತಿತು, ಗುಂಡುಪಿನ್ನು ಚುಚ್ಚಿದ ಹಾಗೆ.

"ಅಕ್ಕಾ, ಅವ್ರು ಇನ್ನೂ ಏನೋ ಹೇಳಿದ್ರು. ಎದುರಿಗೆ ದೊಡ್ಡ..."

"ಗುರುತು ಬಂದಿದೆ ತಾಯಿ. ಸಾಕು. ಕೆಳಗೆ ಹೋಗಿ ಕೂತ್ಕೋ. ದೋಣಿಯಣ್ಣಾ, ಇದು ಮೊದ್ಲು!"

ಗಡಿಬಿಡಿಯ ಹೊತ್ತು. ಮತ್ತೊಂದು ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ಹೆಂಗಸು ಮಾತು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದಳು.

ದೋಣಿ ಹೋಗಿ ಬಂತು. ಗೋದಾಮಿನ ಮಾಡಿನ ಮೇಲೆ ಯಾರೂ ಇಲ್ಲ. ಅಕ್ಕಪಕ್ಕದ ಮಾಡುಗಳಲ್ಲೂ ಇಲ್ಲ. ಮಧ್ಯಾಹ್ನದ ಮೇಲೆ ದೋಣಿಯಣ್ಣ ಮತ್ತೆ ಹೋದ. ಇಂಜಿನ್ ನಿಲ್ಲಿಸಿ ಕೂಗಿದ, ತಗಡು ಬಡಿದ.

"ಅಲ್ಲಿ ಕಾಗೆನೂ ಇಲ್ಲ ಅಕ್ಕ," ಎಂದ, ಬಟ್ಟೆ ಹಿಂಡುತ್ತ. "ಇದ್ದಿದ್ರೆ ಕೊಚ್ಕೊಂಡು ಹೋಗಿರ್ಬೇಕು. ಅಥವಾ ಬೇರೆ ಯಾರಾದ್ರೂ ಎತ್ಕೊಂಡಿರ್ಬೇಕು."

"ನೀನು ಸರಿಯಾಗಿ ನೋಡಿದ್ಯಾ?"

"ನಿನ್ನ ಚುಕ್ಕೆ ಮೇಲೆ ನಿಂತ್ಕೊಂಡು ಉಚ್ಚೆ ಹೊಯ್ದು ಬಂದೆ. ಇನ್ನೇನು ಬೇಕು?"

ಯಾರೂ ನಗಲಿಲ್ಲ. ಅವಳು ಉಳಿದ ಆಶ್ರಯಗಳಿಗೆಲ್ಲ ಫೋನ್ ಹಚ್ಚಿ ಆ ವಯಸ್ಸಿನ, ಸಕ್ಕರೆ ಕಾಯಿಲೆಯ ಗಂಡಸೊಬ್ಬ ಬಂದಿದ್ದಾನೆಯೇ ಎಂದು ಕೇಳಿದಳು. ಇಲ್ಲ. ಹೊರಗೆ ಬೆಳಕು ಇಳಿಯುತ್ತಿತ್ತು. ನಕ್ಷೆಯಲ್ಲಿ ಬಾಣಂತಿಯೊಬ್ಬಳ ಚುಕ್ಕೆ ಕೆಂಪಾಗಿ ಕಾಯುತ್ತಿತ್ತು. ಹೋಲ್ಡಾನಕ್ಕ ಕಾವಲುಗಾರನ ಚುಕ್ಕೆಯನ್ನು ಬೂದು ಮಾಡಿದಳು. ದೋಣಿ ಬಾಣಂತಿಯ ಕಡೆ ತಿರುಗಿತು. ಬಾಣಂತಿಯೂ ಕೂಸೂ ಬಂದರು. ಅದೂ ನಿಜ.

ನಕ್ಷೆಯ ಕೊಂಡಿ ಎಲ್ಲರ ಫೋನಿನಲ್ಲೂ ತೆರೆಯುತ್ತದೆ ಎಂದೆನಲ್ಲ, ಕಾವಲುಗಾರನ ಹೆಂಡತಿಯ ಫೋನಿನಲ್ಲೂ ತೆರೆದಿತ್ತು. ಅವಳು ಇಡೀ ದಿನ ಬೇರೇನೂ ನೋಡಿರಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ನಮ್ಮನೆಯವ್ರ ಬಣ್ಣ ಯಾಕೆ ಬದಲಾಯ್ತು?"

ಅಷ್ಟು ಜನರಿದ್ದ ಕೋಣೆಯಲ್ಲಿ ಉತ್ತರ ಕೊಡಲು ಎದ್ದವಳು ಹೋಲ್ಡಾನಕ್ಕ ಒಬ್ಬಳೇ. ಎರಡು ಸಲ ಹೋದದ್ದು, ಕೂಗಿದ್ದು, ತಗಡು ಬಡಿದದ್ದು ಎಲ್ಲ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ.

"ಮತ್ತೆ ಕೆಂಪು ಮಾಡಿ."

"ಕೆಂಪು ಮಾಡಿದ್ರೆ ದೋಣಿ ಕಳಿಸ್ಬೇಕಾಗತ್ತೆ ಕಣಮ್ಮ. ಕಳಿಸಿದ್ರೆ ಬೇರೆಯವ್ರದ್ದು ನಿಲ್ಲತ್ತೆ. ಅಲ್ಲಿ ಯಾರೂ ಇಲ್ಲ."

"ಇದಾರೆ. ಇದೀನಿ ಅಂತ ಅವ್ರೇ ಹೇಳಿದ್ರು."

"ಬೆಳಿಗ್ಗೆ ಹೇಳಿದ್ದು ಅದು."

ಹೆಂಡತಿ ಅಳಲಿಲ್ಲ, ಜಗಳವಾಡಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತಳು. ನಾವು ಎಷ್ಟೋ ಕಚೇರಿಗಳ ಮುಂದೆ ಹಾಗೆ ಕೂತಿದ್ದೇವೆ; ಈಗ ಮೊದಲ ಸಲ ನಮ್ಮ ಬಾಗಿಲಲ್ಲಿ ಒಬ್ಬಳು ಕೂತಿದ್ದಳು. ಒಳಗೆ ಹೋಗುವಾಗ, ಬರುವಾಗ ಅವಳ ಕಾಲು ದಾಟಬೇಕಿತ್ತು. ಹೋಲ್ಡಾನಕ್ಕ ದಾಟಿಯೇ ಓಡಾಡಿದಳು.

ಮರುದಿನ ಬೆಳಿಗ್ಗೆ ಕುಡಿಯುವ ನೀರಿನ ಲಾರಿ ಹೊರ ಊರಿನಿಂದ ಬರುವುದಿತ್ತು. ಡ್ರೈವರನಿಗೆ ನಮ್ಮ ಶಾಲೆ ಗೊತ್ತಿಲ್ಲ. ಹೋಲ್ಡಾನಕ್ಕ ಪ್ರಯೋಗಶಾಲೆಯಲ್ಲಿ ಕೂತೇ ತನ್ನ ಲೊಕೇಶನ್ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅವನ ಫೋನು.

"ಅಕ್ಕಾ, ನೀವೇನು ಕೆರೆಯೊಳಗೆ ನಿಂತಿದೀರಾ?"

"ಯಾಕಪ್ಪ?"

"ನಿಮ್ಮ ಚುಕ್ಕೆ ಕೆರೆ ಮಧ್ಯ ತೋರಿಸ್ತಿದೆ. ನಾನು ಲಾರಿ ತಂದಿರೋದು, ಹಡಗಲ್ಲ."

ಕೋಣೆಯಲ್ಲಿದ್ದ ನಾವು ನಕ್ಕೆವು. ಆ ದಿನಗಳಲ್ಲಿ ನಗು ಸಿಕ್ಕರೆ ಯಾರೂ ಬಿಡುತ್ತಿರಲಿಲ್ಲ. ಹೋಲ್ಡಾನಕ್ಕನೂ ನಗುತ್ತಲೇ ಇನ್ನೊಮ್ಮೆ ಕಳಿಸಲು ಫೋನ್ ತೆರೆದಳು. ಕಳಿಸುವ ಗುಂಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಅದನ್ನು ಓದಿದಳು. ನಗು ಅಲ್ಲಿಗೇ ನಿಂತಿತು.

"ಸರ್ವೆ, ಇಲ್ಲಿ ಬಾ. ಎರಡು ಸಾವಿರ ಮೀಟರ್‌ವರೆಗೆ ನಿಖರ ಅಂತಿದೆ. ಏನಿದು?"

ಸರ್ವೆಯವನು ಕನ್ನಡಕ ಮೇಲೆ ಮಾಡಿ ನೋಡಿದ. "ಆಕಾಶ ಕಾಣೋ ಕಡೆ ನಿಂತ್ರೆ ಫೋನು ಉಪಗ್ರಹ ಹಿಡಿಯತ್ತೆ, ಸರಿಯಾಗಿ ಹೇಳತ್ತೆ. ಒಳಗಿದ್ರೆ, ತಗಡಿನ ಕೆಳಗಿದ್ರೆ, ಟವರ್ ನೋಡಿ ಅಂದಾಜು ಮಾಡತ್ತೆ. ಈಗ ಬದುಕಿರೋ ಟವರ್ರೇ ಒಂದೆರಡು. ಅಂದಾಜು ಅಷ್ಟು ದೊಡ್ಡದಾಗತ್ತೆ. ಈ ಚುಕ್ಕೆ ಸುತ್ತ ಎರಡು ಕಿಲೋಮೀಟರ್‌ನಲ್ಲಿ ಎಲ್ಲಾದ್ರೂ ಇರ್ಬಹುದು ಅಂತ ಅರ್ಥ."

"ಕಳಿಸಿದ್ದು ಯಾರಿಗೆ ಹೋಗತ್ತೋ ಅವ್ರಿಗೆ ಈ ಸಾಲು ಕಾಣತ್ತಾ?"

"ಇಲ್ಲ. ಕಳಿಸೋರಿಗೆ ಮಾತ್ರ. ತಗೊಳ್ಳೋರಿಗೆ ಬರೀ ಚುಕ್ಕೆ."

ಅವನಿಗೆ ಗೊತ್ತಿದ್ದದ್ದೇ. ದಿನವೂ ಜಮೀನು ಅಳೆಯುವವನು. ಆದರೆ ಯಾರೂ ಕೇಳಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಬಹಳ ಮಂದಿ ಬಯಲಲ್ಲಿ, ಮಾಡಿನ ಮೇಲೆ ನಿಂತು ಕಳಿಸಿದ್ದರು. ಅವರ ಚುಕ್ಕೆಗಳು ಸರಿಯಾಗಿದ್ದವು. ಸರಿಯಾದವುಗಳನ್ನು ನೋಡಿ ನೋಡಿ ಎಲ್ಲವನ್ನೂ ನಂಬಿದ್ದೆವು.

ಹೋಲ್ಡಾನಕ್ಕ ಹೊರಗೆ ಹೋಗಿ ಕಾವಲುಗಾರನ ಹೆಂಡತಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ನಿನ್ನೆ ಏನೋ ಹೇಳೋಕೆ ಬಂದೆ. ಎದುರಿಗೆ ದೊಡ್ಡದು ಏನೋ ಅಂದೆ. ಹೇಳಮ್ಮ."

ಹೆಂಡತಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಹೇಳಿದಳು. "ಅಟ್ಟದ ಮೇಲೆ ಇದೀನಿ, ಮೇಲೆ ತಗಡು ಇದೆ ಅಂದ್ರು. ಗವಾಕ್ಷಿಯಿಂದ ನೋಡಿದ್ರೆ ಎದುರಿಗೆ ದೊಡ್ಡ ಹಸಿರು ಟ್ಯಾಂಕಿ, ಅದಕ್ಕೆ ಸುತ್ತು ಏಣಿ. ಎಣ್ಣೆ ವಾಸನೆ ಹೊಟ್ಟೆ ತೊಳಸ್ತಿದೆ ಅಂದ್ರು."

"ಎಣ್ಣೆ ಮಿಲ್ಲು," ಎಂದಳು ಹೋಲ್ಡಾನಕ್ಕ.

ಅವಳ ಬಸ್ಸಿನ ದಾರಿ ಅದು. ವರ್ಷಾನುಗಟ್ಟಲೆ ದಿನಕ್ಕೆ ಎಷ್ಟೋ ಸಲ ಆ ಹಸಿರು ಟ್ಯಾಂಕಿಯ ಮುಂದೆ ಜನರನ್ನು ಇಳಿಸಿದ್ದಾಳೆ. ಗೋದಾಮುಗಳಿಂದ ಅದು ದೂರ, ಹಳೆಯ ಸೇತುವೆಯ ಆಚೆ ದಂಡೆಯಲ್ಲಿ. ಹಿಂದಿನ ದಿನ ಆ ಹೆಂಗಸಿಗೆ ಮಾತು ಮುಗಿಸಲು ಬಿಟ್ಟಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಸೇತುವೆಯ ಮೇಲೆ ನಕ್ಷೆಯಲ್ಲಿ ಕಪ್ಪು ಗೆರೆ ಇತ್ತು. ಆ ಗೆರೆ ಸುಳ್ಳಲ್ಲ. ಮರದ ದಿಮ್ಮಿಗಳು ಬಂದು ಕಮಾನುಗಳಿಗೆ ಸಿಕ್ಕಿ, ನೀರು ಮೇಲೆ ಹರಿಯುತ್ತಿತ್ತು. ದೋಣಿಯನ್ನು ಟ್ರ್ಯಾಕ್ಟರಿಗೆ ಹೇರಿ ಮೇಲಿನ ರಸ್ತೆಯಲ್ಲಿ ಸುತ್ತಿ, ಮಿಲ್ಲಿನ ಹಿಂದಿನಿಂದ ನೀರಿಗಿಳಿಸಿದೆವು. ಹೋಲ್ಡಾನಕ್ಕ ದೋಣಿ ಹತ್ತಿದಳು. ಈಜು ಬಾರದವಳು. ದೋಣಿಯಣ್ಣ ಬೈದ.

"ನೀನು ಬಿದ್ರೆ ಯಾರು ಎತ್ತೋದು? ಇಂಜಿನ್ನಿಗಿಂತ ಭಾರ ಇದೀಯ."

"ಎತ್ಬೇಡ. ನಡಿ."

ಆರೋಗ್ಯ ಕೇಂದ್ರದ ದಾದಿ ಇನ್ಸುಲಿನ್ ಡಬ್ಬಿಯನ್ನು ಎದೆಗೊತ್ತಿಕೊಂಡು ದೋಣಿಯಲ್ಲಿ ನನ್ನ ಪಕ್ಕ ಕೂತಿದ್ದಳು. ಮಿಲ್ಲಿನೊಳಗೆ ಎಣ್ಣೆ ನೀರಿನ ಮೇಲೆ ಹರಡಿ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಅಟ್ಟದ ಏಣಿ ಅರ್ಧ ಮುಳುಗಿತ್ತು. ದೋಣಿಯಣ್ಣ ಮೊದಲು ಹತ್ತಿ ಇಣುಕಿದ. ಅವನು ಬೈಯದೇ ಇದ್ದದ್ದನ್ನು ನೋಡಿಯೇ ನಮಗೆ ತಿಳಿಯಿತು.

ಕಾವಲುಗಾರ ಖಾಲಿ ಗೋಣಿಚೀಲಗಳ ನಡುವೆ, ಗವಾಕ್ಷಿಗೆ ಮುಖ ಮಾಡಿ, ಒರಗಿ ಕೂತಿದ್ದ. ಒದ್ದೆ ಅಂಗಿಯನ್ನು ಗವಾಕ್ಷಿಯ ಸರಳಿಗೆ ಕಟ್ಟಿದ್ದ, ಯಾರಿಗಾದರೂ ಕಾಣಲಿ ಎಂದು. ಆ ದಾರಿಯಲ್ಲಿ ದೋಣಿ ಬಂದಿರಲಿಲ್ಲ. ದಾದಿ ಮುಟ್ಟಿ ನೋಡಿ ಡಬ್ಬಿಯನ್ನು ಕೆಳಗಿಟ್ಟಳು.

"ಎಷ್ಟು ಹೊತ್ತಾಯ್ತು?" ಹೋಲ್ಡಾನಕ್ಕ ಕೇಳಿದಳು.

"ನಿಖರವಾಗಿ ಹೇಳೋಕೆ ಡಾಕ್ಟರ್ ಬೇಕು."

"ನಿಂಗೆ ಏನು ಅನ್ಸತ್ತೆ, ಅದನ್ನ ಹೇಳು."

"ಮೈ ಇನ್ನೂ ಪೂರ್ತಿ ಸೆಟೆದಿಲ್ಲ ಅಕ್ಕ. ಇವತ್ತು ಬೆಳಿಗ್ಗೆ ಇರ್ಬೇಕು."

ಹೋಲ್ಡಾನಕ್ಕ ಸರಳಿಗೆ ಕಟ್ಟಿದ್ದ ಅಂಗಿ ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು. ಅದನ್ನು ಅವನ ಎದೆಯ ಮೇಲೆ ಹೊದಿಸಿದಳು. ನಾಲ್ವರು ಸೇರಿ ಇಳಿಸಿಕೊಂಡೆವು.

ವಾಪಸು ಬರುವಾಗ ಟ್ರ್ಯಾಕ್ಟರಿನಲ್ಲಿ ನಾನು ಅವಳ ಪಕ್ಕ ಕೂತು ಒಂದು ಮಾತು ಹೇಳಿದೆ. ಚಳವಳಿಯಲ್ಲಿ ಹಣ್ಣಾದವರು ಹೇಳುವಂಥ ಮಾತು. "ಸತ್ತಿದ್ದು ನಿನ್ನೆಯೇ ಅಂತ ಹೇಳು. ಇನ್ನು ಏನು ಮಾಡಿದ್ರೂ ಉಪಯೋಗವಿಲ್ಲ. ಅವಳೂ ಬದುಕ್ಬೇಕು, ನೀನೂ ಕೆಲಸ ಮಾಡ್ಬೇಕು." ದೋಣಿಯಣ್ಣನೂ ಹೌದೆಂದ. ಅವಳು ಕೇಳಿಸಿಕೊಂಡಳೋ ಇಲ್ಲವೋ, ರಸ್ತೆಯನ್ನೇ ನೋಡುತ್ತಿದ್ದಳು.

ಶಾಲೆಯ ಅಂಗಳದಲ್ಲಿ ಹೆಂಡತಿ ನಿಂತಿದ್ದಳು, ಮಗಳ ಕೈ ಹಿಡಿದು. ಟ್ರ್ಯಾಕ್ಟರಿನ ಹಿಂದೆ ಹೊದಿಸಿದ್ದು ಕಂಡಾಗ ಮಗಳನ್ನು ಪಕ್ಕದವಳ ಕೈಗೆ ಕೊಟ್ಟಳು. ಹತ್ತಿರ ಹೋಗಿ ಬಟ್ಟೆ ಸರಿಸಿ ಮುಖ ನೋಡಿದಳು. ಕೆನ್ನೆಗೆ ಅಂಟಿದ್ದ ಗೋಣಿನಾರನ್ನು ಉಗುರಿನಿಂದ ತೆಗೆದಳು. ಆಮೇಲೆ ಹೋಲ್ಡಾನಕ್ಕನ ಕಡೆ ತಿರುಗಿದಳು.

"ಯಾವಾಗ ಹೋದ್ರು?"

ನಾನು ಹೋಲ್ಡಾನಕ್ಕನ ತೋಳು ಹಿಡಿದೆ. ಅವಳು ಬಿಡಿಸಿಕೊಂಡಳು.

"ಇವತ್ತು ಬೆಳಿಗ್ಗೆ."

"ನೀವು ಬಣ್ಣ ಬದಲಾಯಿಸಿದಾಗ?"

"ಇದ್ರು."

"ನಾನು ಬಾಗಿಲಲ್ಲಿ ಕೂತಿದ್ದಾಗ?"

"ಆಗ್ಲೂ ಇದ್ರು. ನೀನು ಹೇಳೋಕೆ ಬಂದೆ, ನಾನು ಕೇಳಲಿಲ್ಲ."

ಅಂಗಳದಲ್ಲಿದ್ದವರು ಈಗ ಹೊಡೆತ ಬೀಳುತ್ತದೆ ಎಂದು ಕಾದರು. ಹೋಲ್ಡಾನಕ್ಕನೂ ಕಾದಳು ಎಂದು ಕಾಣುತ್ತದೆ. ಕೈ ಇಳಿಬಿಟ್ಟು ನಿಂತಿದ್ದಳು. ಮಹಡಿಯ ಕಿಟಕಿಯಿಂದ ಫೋನು ಬಡಿದುಕೊಳ್ಳುವ ಸದ್ದು. ಒಂದು ನಿಂತರೆ ಇನ್ನೊಂದು. ಎತ್ತುವವರಿರಲಿಲ್ಲ, ಎಲ್ಲರೂ ಅಂಗಳಕ್ಕೆ ಬಂದಿದ್ದೆವು.

"ನನ್ನೆದುರು ನಿಂತ್ಕೋಬೇಡ," ಎಂದಳು ಹೆಂಡತಿ. "ಮೇಲೆ ಹೋಗು. ಯಾರೋ ಕರೀತಿದಾರೆ."

ಹೋಲ್ಡಾನಕ್ಕ ಮೆಟ್ಟಿಲು ಹತ್ತಿ ಹೋದಳು. ಅಂದಿನಿಂದ ನಕ್ಷೆಯಲ್ಲಿ ಚುಕ್ಕೆಯ ಜೊತೆ ಒಂದು ವೃತ್ತ ಬಂತು, ಕಳಿಸಿದವರು ಓದಿ ಹೇಳಿದ ಮೀಟರಿನಷ್ಟು ಅಗಲ. ಜೊತೆಗೆ ಸುತ್ತ ಏನು ಕಾಣುತ್ತದೆ, ಏನು ಕೇಳುತ್ತದೆ, ಏನು ವಾಸನೆ ಬರುತ್ತದೆ ಎಂದು ಬರೆಯುವ ಜಾಗ. ಬೂದು ಮಾಡುವ ಮುನ್ನ ಮನೆಯವರನ್ನು ಮತ್ತೊಮ್ಮೆ ಕೂರಿಸಿ ಕೇಳಬೇಕೆಂಬ ನಿಯಮ. ಹಾಗೆ ಕೇಳಿದ್ದರಿಂದಲೇ ಆಮೇಲೆ ಕೆಲವರು ಸಿಕ್ಕರು. ಆ ಸುದ್ದಿ ಬಂದಾಗ ನಾವು ಚಪ್ಪಾಳೆ ತಟ್ಟಿದೆವು. ಅವಳು ಮುಂದಿನ ಫೋನು ಎತ್ತಿಕೊಂಡಿದ್ದಳು.

ಹೆಂಡತಿ ಅವಳನ್ನು ಕ್ಷಮಿಸಿದಳೇ ಎಂದು ಈ ಕತೆ ಕೇಳಿದವರು ಕೇಳುತ್ತಾರೆ. ಇಲ್ಲ. ಯಾಕೆ ಕ್ಷಮಿಸಬೇಕು? ನೀರು ಇಳಿದ ಮೇಲೆ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋದಳು. ಹೋಗುವ ದಿನ ಹೋಲ್ಡಾನಕ್ಕ ಅವಳ ಗಂಟು ಎತ್ತಿಕೊಡಲು ಕೈ ಚಾಚಿದಳು. ಅವಳು ಗಂಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಡೆದಳು.